ಮದುವೆ ಫೋಟೋಗೆ ಮೂರು ದರ

ಛತ್ರ ಬುಕ್ ಆಗಿ, ಅಡುಗೆಯವರಿಗೆ ಮುಂಗಡ ಕೊಟ್ಟಾದ ಮೇಲೆ ಹೆಣ್ಣಿನ ಮನೆಯವರು ಫೋಟೋಗ್ರಾಫರ್‌ಗೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: “ಸಂಜೆ ರಿಸೆಪ್ಷನ್, ಬೆಳಗ್ಗೆ ಮುಹೂರ್ತ. ಎಷ್ಟಾಗುತ್ತೆ?” ಫೋಟೋಗ್ರಾಫರ್ ಒಂದು ಮೊತ್ತ ಹೇಳುತ್ತಾನೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಚೌಕಾಸಿ. ಆ ಮೊತ್ತದಲ್ಲಿ ಏನೇನು ಸೇರಿದೆ ಎಂದು ಕೇಳಿದವರಿಗೂ ಸ್ಪಷ್ಟವಿಲ್ಲ, ಹೇಳಿದವನಿಗೂ ಪೂರ್ತಿ ಸ್ಪಷ್ಟವಿಲ್ಲ. ಮದುವೆ ಮುಗಿದು ಆಲ್ಬಂ ಕೈಗೆ ಬಂದಾಗ ಜಗಳ ಹುಟ್ಟುವುದು ಈ ಅಸ್ಪಷ್ಟತೆಯಿಂದ.

ಇದಕ್ಕೆ ಈಗ ಅನೇಕ ಸ್ಟುಡಿಯೋಗಳು ಕಂಡುಕೊಂಡಿರುವ ದಾರಿ ಮೂರು ಪ್ಯಾಕೇಜ್: ಸಾಕಷ್ಟು ಒಳ್ಳೆಯದು, ಅದಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ಒಳ್ಳೆಯದು. ಒಂದೇ ದರ ಮುಂದಿದ್ದಾಗ ಗಿರಾಕಿ ಬೇಕೋ ಬೇಡವೋ ಎಂದು ಯೋಚಿಸುತ್ತಾನೆ. ಮೂರು ದರ ಮುಂದಿದ್ದಾಗ ಇವುಗಳಲ್ಲಿ ನಮ್ಮ ಮನೆಗೆ ಯಾವುದು ಸರಿ ಎಂದು ಯೋಚಿಸುತ್ತಾನೆ.

ಈ ಬದಲಾವಣೆಯನ್ನು ಸಂಶೋಧಕರು ಅಳೆದು ನೋಡಿದ್ದಾರೆ, ಅದೂ ಕ್ಯಾಮೆರಾವನ್ನೇ ಇಟ್ಟುಕೊಂಡು. ಇಟಮಾರ್ ಸೈಮನ್‌ಸನ್ ಮತ್ತು ಏಮೋಸ್ ಟ್ವರ್ಸ್ಕಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಮಿನೋಲ್ಟಾ ಕಂಪನಿಯ ಎರಡು ಕ್ಯಾಮೆರಾ ತೋರಿಸಿದರು. ಒಂದರ ಬೆಲೆ ಸುಮಾರು 170 ಡಾಲರ್, ಇನ್ನೊಂದರದು 240. ಅರ್ಧ ಜನ ಅದನ್ನು, ಅರ್ಧ ಜನ ಇದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಈ ಎರಡರ ಜೊತೆಗೆ 470 ಡಾಲರ್‌ನ ಮೂರನೆಯದನ್ನೂ ಇಟ್ಟರು. ಆಗ 100ಕ್ಕೆ 57 ಜನ 240 ಡಾಲರ್‌ನದನ್ನು ಆರಿಸಿದರು. ತೀರಾ ಅಗ್ಗದ್ದನ್ನು ಕೇಳಿದವರು 22ಕ್ಕೆ ಇಳಿದರು. ತೀರಾ ಕೆಳಗಿನದೂ ಬೇಡ, ತೀರಾ ಮೇಲಿನದೂ ಬೇಡ ಎನ್ನುವ ಮನಸ್ಸು ನಡುವಿನದರ ಕಡೆ ವಾಲುತ್ತದೆ. ಮೂರನೆಯ ದರ ಅಷ್ಟಾಗಿ ಮಾರಾಟವಾಗದಿದ್ದರೂ ತನ್ನ ಕೆಲಸ ಮಾಡಿರುತ್ತದೆ.

ಇಷ್ಟು ತಿಳಿದ ಕೂಡಲೇ ಕೆಲವರು ಸಿಕ್ಕಿದ ಮೂರು ಅಂಕಿ ಬರೆದು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಹೆಸರಿಟ್ಟು ವಾಟ್ಸಾಪ್‌ನಲ್ಲಿ ಕಳಿಸಿಬಿಡುತ್ತಾರೆ. ಬೆಳ್ಳಿಯಲ್ಲಿ “ಒಳ್ಳೆ ಕ್ವಾಲಿಟಿ”, ಚಿನ್ನದಲ್ಲಿ “ಹೈ ಕ್ವಾಲಿಟಿ”, ಪ್ಲಾಟಿನಂನಲ್ಲಿ “ಪ್ರೀಮಿಯಂ ಕ್ವಾಲಿಟಿ”. ಓದಿದವರಿಗೆ ಮೂರಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಹಾಗಾಗಿ ಅಗ್ಗದ್ದನ್ನೇ ಹಿಡಿಯುತ್ತಾರೆ. ವ್ಯತ್ಯಾಸ ಕಣ್ಣಿಗೆ ಕಾಣಬೇಕು, ಎಣಿಸುವಂತಿರಬೇಕು. ಎಷ್ಟು ಜನ ಬರುತ್ತಾರೆ, ಯಾವ ಯಾವ ಶಾಸ್ತ್ರಕ್ಕೆ ಬರುತ್ತಾರೆ, ಕೊನೆಗೆ ಕೈಗೆ ಏನು ಕೊಡುತ್ತಾರೆ ಎಂಬ ಮೂರರಲ್ಲೇ ಅದು ಇರಬೇಕು.

ಹಾಸನದಂಥ ಊರಿನ ಒಂದು ಸಣ್ಣ ಸ್ಟುಡಿಯೋ ಎಂದುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ, ಊರೂರಿಗೆ ಬದಲಾಗುತ್ತವೆ. ಮೊದಲ ಪ್ಯಾಕೇಜ್‌ಗೆ ‘ರಿಸೆಪ್ಷನ್ ಮತ್ತು ಮುಹೂರ್ತ’ ಎಂದೇ ಹೆಸರು. ಒಬ್ಬ ಫೋಟೋಗ್ರಾಫರ್, ಒಬ್ಬ ವಿಡಿಯೋದವರು, 30 ಶೀಟಿನ ಒಂದು ಆಲ್ಬಂ, ಪೂರ್ತಿ ಮದುವೆಯ ವಿಡಿಯೋ ಇರುವ ಪೆನ್‌ಡ್ರೈವ್. ಇಬ್ಬರ ಎರಡು ಹೊತ್ತಿನ ಕೂಲಿ 16,000, ಆಲ್ಬಂ ಡಿಸೈನ್ ಮತ್ತು ಪ್ರಿಂಟಿಂಗ್ 9,000, ವಿಡಿಯೋ ಎಡಿಟಿಂಗ್ 4,000, ಓಡಾಟ ಮತ್ತು ಇತರೆ 3,000 ರೂಪಾಯಿ. ಒಟ್ಟು ಖರ್ಚು 32,000. ದರ 45,000. ಸ್ಟುಡಿಯೋ ಮಾಲೀಕ ತಾನೇ ಕ್ಯಾಮೆರಾ ಹಿಡಿದರೂ ತನ್ನ ಕೂಲಿಯನ್ನು ಖರ್ಚಿಗೆ ಸೇರಿಸಲೇಬೇಕು. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ತನ್ನ ದುಡಿಮೆಯನ್ನೇ ಲಾಭ ಎಂದುಕೊಂಡವನು ಒಂದೇ ದಿನ ಎರಡು ಮದುವೆ ಬಂದು ಒಂದಕ್ಕೆ ಬೇರೆಯವರನ್ನು ಕಳಿಸಬೇಕಾದಾಗ ನಷ್ಟಕ್ಕೆ ಬೀಳುತ್ತಾನೆ.

ಎರಡನೆಯದರ ಹೆಸರು ‘ಚಪ್ಪರದಿಂದ ಮುಹೂರ್ತದವರೆಗೆ’. ಮೊದಲಿನದರಲ್ಲಿ ಇರುವುದೆಲ್ಲ ಇದರಲ್ಲೂ ಇದೆ. ಜೊತೆಗೆ ಮನೆಯ ಚಪ್ಪರ, ಅರಿಶಿನದ ದಿನಕ್ಕೂ ಬರುತ್ತಾರೆ. ರಿಸೆಪ್ಷನ್‌ಗೂ ಮುಹೂರ್ತಕ್ಕೂ ಒಬ್ಬ ಕ್ಯಾಂಡಿಡ್ ಫೋಟೋಗ್ರಾಫರ್ ಸೇರುತ್ತಾರೆ. ಆಲ್ಬಂ 40 ಶೀಟಿಗೆ ಬೆಳೆಯುತ್ತದೆ. ಕ್ಯಾಂಡಿಡ್‌ನವರಿಗೆ 12,000, ಅವರ ಫೋಟೋ ಆರಿಸಿ ಬಣ್ಣ ಸರಿಪಡಿಸಲು 4,000, ಚಪ್ಪರದ ದಿನಕ್ಕೆ 8,000, ಹೆಚ್ಚುವರಿ ಶೀಟಿಗೆ 2,000. ಹೀಗೆ ಖರ್ಚು 26,000 ಏರಿ 58,000 ಆಯಿತು. ದರ 85,000.

ಮೂರನೆಯದರಲ್ಲಿ ಇದೆಲ್ಲದರ ಮೇಲೆ ಸಿನಿಮ್ಯಾಟಿಕ್ ವಿಡಿಯೋದವರು, ಐದು ನಿಮಿಷದ ಸಿನಿಮಾ, ಡ್ರೋನ್, ಸಕಲೇಶಪುರದ ಕಡೆ ಒಂದು ದಿನದ ಪ್ರಿ-ವೆಡ್ಡಿಂಗ್ ಶೂಟ್, ಗಂಡಿನ ಮನೆಗೆ ಇನ್ನೊಂದು ಆಲ್ಬಂ. ಖರ್ಚು 1,17,000ಕ್ಕೆ ಬರುತ್ತದೆ. ದರ 1,60,000.

ಉಳಿಯುವುದನ್ನು ನೋಡಿ. ಮೊದಲಿನದರಲ್ಲಿ 13,000, ಎರಡನೆಯದರಲ್ಲಿ 27,000, ಮೂರನೆಯದರಲ್ಲಿ 43,000 ರೂಪಾಯಿ. ಆದರೆ ದರದ ಪಾಲಾಗಿ ನೋಡಿದರೆ ಮೊದಲಿನದು ಶೇಕಡಾ 29, ನಡುವಿನದು ಶೇಕಡಾ 32, ಮೇಲಿನದು ಶೇಕಡಾ 27. ದೊಡ್ಡ ಪ್ಯಾಕೇಜ್‌ನಲ್ಲಿ ಹೆಚ್ಚಿನ ದುಡ್ಡು ಹೊರಗಿನವರ ಕೈಗೆ ಹೋಗುತ್ತದೆ, ಎಡಿಟಿಂಗ್ ತಿಂಗಳುಗಟ್ಟಲೆ ಎಳೆಯುತ್ತದೆ. ಆಷಾಢ, ಧನುರ್ಮಾಸ ಬಂದರೆ ಮದುವೆಗಳೇ ಇರುವುದಿಲ್ಲ, ಸ್ಟುಡಿಯೋ ಬಾಡಿಗೆ ಮಾತ್ರ ಇದ್ದೇ ಇರುತ್ತದೆ. ಹೀಗಾಗಿ ಫೋಟೋಗ್ರಾಫರ್‌ಗೆ ನಡುವಿನದು ಹೆಚ್ಚು ಹೋದರೆ ಒಳ್ಳೆಯದು. ಗಿರಾಕಿಯೂ ಅಲ್ಲಿಗೇ ಬರುವ ಹಾಗೆ ಮೂರನ್ನೂ ಜೋಡಿಸಿದರೆ ತಪ್ಪೇನಿಲ್ಲ, ಆದರೆ ಒಂದು ಷರತ್ತಿದೆ: ಆ ಹೆಚ್ಚುವರಿ 40,000ಕ್ಕೆ ಗಿರಾಕಿಗೆ ನಿಜವಾಗಿಯೂ ಏನಾದರೂ ಸಿಗಬೇಕು.

ಏನು ಸಿಗುತ್ತದೆ ಎಂಬುದನ್ನು ಧಾರೆಯ ಹೊತ್ತಿನಲ್ಲಿ ನೋಡಬೇಕು. ಅಂತರಪಟ ಹಿಡಿದಿದ್ದಾರೆ. ಈ ಕಡೆ ಹುಡುಗ, ಆ ಕಡೆ ಹುಡುಗಿ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು ಮಂತ್ರ ಮುಗಿಸುತ್ತಿದ್ದ ಹಾಗೆ ಗಟ್ಟಿಮೇಳ ಜೋರಾಗುತ್ತದೆ, ಪಟ ಇಳಿಯುತ್ತದೆ, ಇಬ್ಬರೂ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಇರುವ ಒಬ್ಬ ಫೋಟೋಗ್ರಾಫರ್ ಮಂಟಪದ ಎದುರಿಗೇ ನಿಲ್ಲಬೇಕು. ಗಂಡು ಹೆಣ್ಣು ಇಬ್ಬರೂ ಚೌಕಟ್ಟಿನಲ್ಲಿ ಬರುವುದು ಅಲ್ಲಿಂದಲೇ, ಅದನ್ನು ಬಿಟ್ಟು ಅವನು ಕದಲುವ ಹಾಗಿಲ್ಲ. ಆಗ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಅಮ್ಮ, ಅಕ್ಷತೆ ಎಸೆಯಲು ಎಳೆಯ ಕೈ ಎತ್ತಿದ ಮಗು, ಪಟ ಇಳಿದ ಕ್ಷಣದ ಹುಡುಗಿಯ ಮುಖ ಅವನ ಕ್ಯಾಮೆರಾಗೆ ಸಿಗುವುದಿಲ್ಲ. ಅವನ ಕೈಚಳಕ ಕಡಿಮೆಯೆಂದಲ್ಲ, ಒಬ್ಬ ಮನುಷ್ಯ ಒಂದೇ ಜಾಗದಲ್ಲಿ ನಿಲ್ಲಲು ಸಾಧ್ಯ. ಎರಡನೆಯವರು ಬಂದಾಗ ಅವರು ಓರೆಯಲ್ಲಿ ಉದ್ದನೆಯ ಲೆನ್ಸ್ ಹಿಡಿದು ನಿಂತು ಇವನ್ನೇ ಹಿಡಿಯುತ್ತಾರೆ. ಎರಡು ಪ್ಯಾಕೇಜ್‌ಗಳ ನಡುವಿನ ನಿಜವಾದ ವ್ಯತ್ಯಾಸ ಇದು. ದರಪಟ್ಟಿಯಲ್ಲಿ “ಕ್ಯಾಂಡಿಡ್ ಸೇರಿದೆ” ಎಂದು ಬರೆಯುವ ಬದಲು, ಒಂದೇ ಮದುವೆಯ ಒಂದೇ ಕ್ಷಣವನ್ನು ಇಬ್ಬರೂ ತೆಗೆದ ಎರಡು ಫೋಟೋ ಅಕ್ಕಪಕ್ಕ ಇಟ್ಟು ತೋರಿಸಿದರೆ ಗಿರಾಕಿಗೆ ವಿವರಣೆಯೇ ಬೇಡ.

ಇದಕ್ಕೆ ವಿರುದ್ಧವಾದ ಒಂದು ಕೆಟ್ಟ ದಾರಿಯೂ ಇದೆ. ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡ್ಯೂಪ್ಯುಯಿ 1849ರಲ್ಲಿ ರೈಲು ದರದ ಬಗ್ಗೆ ಬರೆಯುತ್ತಾ, ಮೂರನೆಯ ದರ್ಜೆಯ ಡಬ್ಬಿಗೆ ಛಾವಣಿ ಹಾಕದಿರುವುದು ಆ ಖರ್ಚು ಉಳಿಸಲಿಕ್ಕಲ್ಲ ಎಂದ. ಎರಡನೆಯ ದರ್ಜೆಗೆ ದುಡ್ಡು ಕೊಡಬಲ್ಲವರು ಮೂರನೆಯದಕ್ಕೆ ಬರಬಾರದು ಎಂದು ಬಡವರನ್ನು ಬಿಸಿಲಿಗೆ, ಮಳೆಗೆ ಕೂರಿಸುತ್ತಿದ್ದರು. ಮದುವೆ ಫೋಟೋದಲ್ಲೂ ಇದು ನಡೆಯುತ್ತದೆ. ಕಡಿಮೆ ಪ್ಯಾಕೇಜ್‌ಗೆ ಕಲಿಯುತ್ತಿರುವ ಹುಡುಗನನ್ನು ಕಳಿಸುವುದು, ಅವರ ಫೋಟೋಗಳ ಬಣ್ಣ ಸರಿಪಡಿಸದೇ ಬಿಡುವುದು, ಮೆಮೊರಿ ಕಾರ್ಡಿನ ಇನ್ನೊಂದು ಪ್ರತಿ ಇಡದಿರುವುದು. ನನ್ನ ಖಚಿತ ಅಭಿಪ್ರಾಯ ಇಷ್ಟು: ಪ್ಯಾಕೇಜ್ ಯಾವುದೇ ಇರಲಿ, ತೆಗೆದ ಫೋಟೋ ಸ್ಪಷ್ಟವಾಗಿರಬೇಕು, ಅದೇ ರಾತ್ರಿ ಎರಡು ಕಡೆ ಕಾಪಿ ಆಗಬೇಕು, ಹೇಳಿದ ದಿನಕ್ಕೆ ಆಲ್ಬಂ ತಲುಪಬೇಕು. ಕೆಳಗಿನ ಪ್ಯಾಕೇಜ್‌ನಲ್ಲಿ ಕಡಿಮೆ ಇರಬಹುದು, ಕೆಟ್ಟದ್ದು ಇರಬಾರದು. ಅದನ್ನು ತೆಗೆದುಕೊಂಡ ಮನೆಯ ಆಲ್ಬಂ ಕೂಡ ನೂರು ಜನ ನೆಂಟರ ಕೈಗೆ ಹೋಗುತ್ತದೆ.

ಚೌಕಾಸಿ ಮೂರು ದರ ಇಟ್ಟ ಮಾತ್ರಕ್ಕೆ ನಿಲ್ಲುವುದಿಲ್ಲ, ಆದರೆ ಅದರ ದಾರಿ ಬದಲಾಗುತ್ತದೆ. ಹುಡುಗಿಯ ತಂದೆ ಎನ್ನುತ್ತಾರೆ, “ಎರಡನೇದನ್ನೇ 70,000ಕ್ಕೆ ಮಾಡ್ಕೊಡಿ, ನಮ್ಮ ಎರಡನೇ ಮಗಳ ಮದುವೇನೂ ನಿಮಗೇ.” ಇಲ್ಲಿ ದರ ಇಳಿಸಿದರೆ ಮೊದಲು ಹೇಳಿದ ಅಂಕಿ ಸುಳ್ಳು ಎಂದು ಒಪ್ಪಿಕೊಂಡ ಹಾಗೆ. ಅದರ ಬದಲು, “ಆಗಲಿ ಸರ್, ಚಪ್ಪರದ ದಿನ ಬಿಡೋಣ, ಆಲ್ಬಂ 30 ಶೀಟಿಗೆ ತರೋಣ. ಆಗ 70,000ಕ್ಕೆ ಬರುತ್ತೆ” ಎನ್ನಬಹುದು. ದುಡ್ಡು ಇಳಿದರೆ ಕೆಲಸವೂ ಇಳಿಯಬೇಕು. ಹಾಗೆಯೇ ಡ್ರೋನ್ ಮಾತ್ರ ಸಾಕು ಎನ್ನುವವರಿಗೆ, ಇನ್ನೊಂದು ಆಲ್ಬಂ ಮಾತ್ರ ಬೇಕು ಎನ್ನುವವರಿಗೆ ಬಿಡಿ ದರದ ಒಂದು ಚಿಕ್ಕ ಪಟ್ಟಿ ಬೇರೆ ಇರಲಿ. ಆದರೆ ಆ ಪಟ್ಟಿ ನಾಲ್ಕೈದು ಸಾಲು ದಾಟಿದರೆ ಮೂರು ಪ್ಯಾಕೇಜ್ ಮಾಡಿದ್ದೇ ವ್ಯರ್ಥ, ಗಿರಾಕಿ ಮತ್ತೆ ಗೊಂದಲಕ್ಕೆ ಬೀಳುತ್ತಾನೆ.

ದರಪಟ್ಟಿ ಕೈಗೆ ಬಂದ ಮನೆಯವರು ಕೇಳಬೇಕಾದದ್ದೂ ಇದೆ. ಸ್ಯಾಂಪಲ್ ಆಲ್ಬಂ ತೆಗೆದವರೇ ನಮ್ಮ ಮದುವೆಗೂ ಬರುತ್ತಾರಾ? ಮುಹೂರ್ತ ಬೆಳಗಿನ ಜಾವ ಇದ್ದರೆ ಹಿಂದಿನ ರಾತ್ರಿ ಅವರು ಉಳಿಯುವ ವ್ಯವಸ್ಥೆ ಯಾರದು? ಡ್ರೋನ್ ಎಂದಿದ್ದರೆ ಆ ಛತ್ರದ ಜಾಗದಲ್ಲಿ ಹಾರಿಸಲು ಅನುಮತಿ ಇದೆಯಾ? ನಿಷೇಧಿತ ವಲಯದಲ್ಲಿ ಹಾರಿಸುವ ಹಾಗಿಲ್ಲ, ಆಗ ಆ ಬಾಬ್ತಿನ ದುಡ್ಡು ಏನಾಗುತ್ತದೆ? ಸ್ಟುಡಿಯೋ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಶೇಕಡಾ 18 ತೆರಿಗೆ ಈ ದರದ ಒಳಗೆ ಸೇರಿದೆಯಾ, ಮೇಲೆ ಬರುತ್ತದೆಯಾ? 1,60,000ಕ್ಕೆ ಅದೇ 28,800 ರೂಪಾಯಿ.

ಒಂದು ಮದುವೆ ಸೀಸನ್ ಮುಗಿದ ಮೇಲೆ ಫೋಟೋಗ್ರಾಫರ್ ತನ್ನ ಡೈರಿ ತೆಗೆದು ಯಾವ ಪ್ಯಾಕೇಜ್ ಎಷ್ಟು ಹೋಗಿದೆ ಎಂದು ನೋಡಬೇಕು. ಬಹುತೇಕ ಎಲ್ಲರೂ ಮೊದಲಿನದನ್ನೇ ತೆಗೆದುಕೊಂಡಿದ್ದರೆ, ಎರಡನೆಯದಕ್ಕೂ ಅದಕ್ಕೂ ನಡುವೆ ದರದ ಅಂತರ ಹೆಚ್ಚಾಗಿದೆ, ಇಲ್ಲವೇ ವ್ಯತ್ಯಾಸ ಅವರಿಗೆ ಕಂಡಿಲ್ಲ. ಮೂರನೆಯದಕ್ಕೆ ಚೌಕಾಸಿಯೇ ಇಲ್ಲದೆ ಒಬ್ಬರ ಹಿಂದೆ ಒಬ್ಬರು ಒಪ್ಪುತ್ತಿದ್ದರೆ ಅದರ ದರ ಕಡಿಮೆಯಾಗಿದೆ. ನಡುವಿನದನ್ನು ತೆಗೆದುಕೊಂಡವರೆಲ್ಲ ಗಂಡಿನ ಮನೆಗೆಂದು ಇನ್ನೊಂದು ಆಲ್ಬಂ ಕೇಳಿದ್ದರೆ, ಮುಂದಿನ ಸೀಸನ್‌ಗೆ ಅದನ್ನು ನಡುವಿನ ಪ್ಯಾಕೇಜ್‌ಗೇ ಸೇರಿಸಿ 95,000 ಮಾಡಬಹುದು. ಮೇಲಿನದರಲ್ಲಿ ಅದರ ಜಾಗಕ್ಕೆ ಬೇರೇನಾದರೂ ಹುಡುಕಬೇಕಾಗುತ್ತದೆ.