‘ವಿವರ ಕಳಿಸಿ’ ಎಂದವರಿಗೆ ಏನು ಕಳಿಸಬೇಕು?

ಪೂಲಿನ ಕಾಲದಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿದರೆ ಬೆಳೆಗಾರನ ಕೆಲಸ ಮುಗಿಯುತ್ತಿತ್ತು. ಕೊಳ್ಳುವವನ ಮುಖವನ್ನು ಅವನು ನೋಡಬೇಕಾಗಿರಲಿಲ್ಲ. ಈಗ ಹಾಗಿಲ್ಲ. ಊರಿನ ವ್ಯಾಪಾರಿಗೆ ಕೊಡುವುದರ ಜೊತೆಗೆ, ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕಾಫಿ ಹುರಿದು ಮಾರುವ ಸಣ್ಣ ಅಂಗಡಿಯವರಿಗೆ ನೇರವಾಗಿ ಕೊಡಲು ಹಲವು ಸದಸ್ಯರು ಪ್ರಯತ್ನಿಸುತ್ತಿದ್ದಾರೆ. ಅವರಿಗೆ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದು: “ಹೆಚ್ಚಿನ ವಿವರ ಕಳಿಸಿ.”

ಈ ಒಂದು ಸಾಲಿನ ಮುಂದೆ ವ್ಯವಹಾರ ನಿಂತುಹೋಗುವುದು ಎರಡು ರೀತಿಯಲ್ಲಿ. ಕೆಲವರು “ಏನು ವಿವರ ಬೇಕು, ಹೇಳಿ” ಎಂದು ತಿರುಗಿ ಕೇಳಿ ಸುಮ್ಮನಾಗುತ್ತಾರೆ. ಅಂಗಡಿಯವನಿಗೆ ಅದೊಂದು ಕೆಲಸವಾಗುತ್ತದೆ. ಅವನು ನಾಳೆ ನೋಡೋಣ ಎಂದುಕೊಂಡು ಮರೆಯುತ್ತಾನೆ. ಇನ್ನು ಕೆಲವರು ತೋಟದ ಇತಿಹಾಸ, ಎತ್ತರ, ನೆರಳಿನ ಮರಗಳ ಹೆಸರು, ಮಣ್ಣು ಪರೀಕ್ಷೆಯ ವರದಿ, ಹೂ ಬಿಟ್ಟಾಗಿನ ಮೂವತ್ತು ಚಿತ್ರಗಳು ಎಲ್ಲವನ್ನೂ ಒಂದೇ ಸಲ ಕಳಿಸುತ್ತಾರೆ. ಅಷ್ಟನ್ನೂ ಓದಲು ಅವನಿಗೆ ಬಿಡುವಿಲ್ಲ. ಓದಿದರೂ ಅವನಿಗೆ ಬೇಕಾಗಿದ್ದ ಒಂದು ವಿಷಯ ಅದರೊಳಗೆ ಹೂತುಹೋಗಿರುತ್ತದೆ.

ಅಡಿಕೆಯ ಮಂಡಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ವ್ಯಾಪಾರಿ ತೋಟದ ಕಥೆ ಕೇಳುವುದಿಲ್ಲ. ಚೀಲದಿಂದ ಒಂದು ಹಿಡಿ ತೆಗೆದು ನೋಡುತ್ತಾನೆ, ಒಂದೆರಡು ಅಡಿಕೆ ಕತ್ತರಿಸುತ್ತಾನೆ, ಎಷ್ಟು ಚೀಲ ಎಂದು ಕೇಳುತ್ತಾನೆ, ದರ ಬರೆಯುತ್ತಾನೆ. ದೂರದ ಕಾಫಿ ಅಂಗಡಿಯವನಿಗೂ ಬೇಕಾದದ್ದು ಇಷ್ಟೇ. ಅವನು ಚೀಲದ ಮುಂದೆ ನಿಂತಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಉತ್ತರ ಅವನನ್ನು ಚೀಲದ ಮುಂದೆ ತಂದು ನಿಲ್ಲಿಸಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐದಾರು ಎಕರೆಯ ಬೆಳೆಗಾರರೊಬ್ಬರಲ್ಲಿ 50 ಕಿಲೋ ತೂಕದ 20 ಚೀಲ ಅರೇಬಿಕಾ ಪಾರ್ಚ್‌ಮೆಂಟ್ ಇದೆ ಎನ್ನೋಣ. ಅವರು “20 ಚೀಲ ಇದೆ” ಎಂದು ಬರೆದರೆ ತೊಡಕು ಅಲ್ಲಿಂದಲೇ ಆರಂಭ. ನಾವು ಪಾರ್ಚ್‌ಮೆಂಟಿನ ಲೆಕ್ಕದಲ್ಲಿ ಮಾತನಾಡುತ್ತೇವೆ; ಹುರಿಯುವವನು ಸಿಪ್ಪೆ ತೆಗೆದ ಬೀಜದ ಲೆಕ್ಕದಲ್ಲಿ ಯೋಚಿಸುತ್ತಾನೆ. ಚೆನ್ನಾಗಿ ಒಣಗಿದ ಅರೇಬಿಕಾ ಪಾರ್ಚ್‌ಮೆಂಟ್ ಕ್ಯೂರಿಂಗ್ ಆದಾಗ ನೂರಕ್ಕೆ ಸುಮಾರು 80 ಕಿಲೋ ಬೀಜ ಕೊಡುತ್ತದೆ. ಆದ್ದರಿಂದ 1,000 ಕಿಲೋ ಪಾರ್ಚ್‌ಮೆಂಟ್ ಎಂದರೆ ಅವನಿಗೆ ಸುಮಾರು 800 ಕಿಲೋ, ಅದೂ ಎಲ್ಲ ಗ್ರೇಡುಗಳು ಸೇರಿ. ಇದನ್ನು ಮೊದಲೇ ಹೇಳದಿದ್ದರೆ, ದರ ಮಾತನಾಡುವ ಹೊತ್ತಿಗೆ ಇಬ್ಬರೂ ಬೇರೆ ಬೇರೆ ವಸ್ತುವಿನ ಬೆಲೆ ಹೇಳುತ್ತಿರುತ್ತಾರೆ.

ಅವರು ಬರೆಯಬಹುದಾದ ಉತ್ತರ ಹೀಗಿರಲಿ:

“ನಮಸ್ಕಾರ. ನಮ್ಮಲ್ಲಿ ಈ ಸಾಲಿನ ಅರೇಬಿಕಾ ಪಾರ್ಚ್‌ಮೆಂಟ್ 1,000 ಕಿಲೋ ಇದೆ. ಕ್ಯೂರಿಂಗ್ ಆದ ಮೇಲೆ ಸುಮಾರು 800 ಕಿಲೋ ಬೀಜ ಸಿಗುತ್ತದೆ. ಹಣ್ಣನ್ನು ಪಲ್ಪ್ ಮಾಡಿ, ಹುದುಗಿಸಿ, ತೊಳೆದು, ಕಣದಲ್ಲಿ ಒಣಗಿಸಿದ್ದು, ತೇವಾಂಶ ಶೇ. 10. ಮಾರ್ಚ್ ಮೊದಲ ವಾರ ಕ್ಯೂರಿಂಗಿಗೆ ಕೊಡುತ್ತೇನೆ. ನಿಮಗೆ ಬೇಕಾಗಿರುವುದು ಫಿಲ್ಟರ್ ಕಾಫಿಯ ಮಿಶ್ರಣಕ್ಕೋ ಅಥವಾ ತೋಟದ ಹೆಸರಿನಲ್ಲಿ ಬೇರೆಯಾಗಿ ಮಾರಲಿಕ್ಕೋ? ತಿಳಿಸಿದರೆ ಅದಕ್ಕೆ ತಕ್ಕ 350 ಗ್ರಾಂ ಮಾದರಿಯನ್ನು ಈ ಶುಕ್ರವಾರ ಕಳಿಸುತ್ತೇನೆ. ದರವನ್ನು ಸಿಪ್ಪೆ ತೆಗೆದ ಬೀಜಕ್ಕೆ, ಕ್ಯೂರಿಂಗ್ ವರ್ಕ್ಸಿನ ಗೋದಾಮಿನಲ್ಲಿ ಕೊಡುವ ಲೆಕ್ಕದಲ್ಲಿ ಹೇಳುತ್ತೇನೆ.”

ಇದರಲ್ಲಿ ಮುಖ್ಯವಾಗಿ ಇರುವುದು ಮೂರು ಸಂಗತಿ: ಸರಕು ಏನು ಮತ್ತು ಎಷ್ಟು, ಒಂದು ಪ್ರಶ್ನೆ, ಒಂದು ದಿನಾಂಕ. ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಬಹುದು, ಹಾಗಾಗಿ ಅಂಗಡಿಯವನು ನಿಂತಲ್ಲೇ ಕೊಡುತ್ತಾನೆ. ಆ ಉತ್ತರದಿಂದ ನಮಗೂ ಬಹಳ ತಿಳಿಯುತ್ತದೆ. ‘ಮಿಶ್ರಣಕ್ಕೆ’ ಎಂದರೆ ಎಲ್ಲ ಗ್ರೇಡು ಸೇರಿದ ಮಾದರಿ ಸಾಕು, ಅವನು ನೋಡುವುದು ದರ ಮತ್ತು ವರ್ಷವಿಡೀ ಒಂದೇ ಬಗೆಯ ಸರಕು ಸಿಗುತ್ತದೆಯೇ ಎಂಬುದನ್ನು. ‘ತೋಟದ ಹೆಸರಿನಲ್ಲಿ’ ಎಂದರೆ ಎ ಗ್ರೇಡಿನ ಮಾದರಿ ಕಳಿಸಬೇಕು. ಎತ್ತರ, ತಳಿ, ಹುದುಗಿಸಿದ ಗಂಟೆಗಳು ಇವೆಲ್ಲ ಆಗ ಮಾತ್ರ ಬೇಕಾಗುತ್ತವೆ. ಮೊದಲೇ ಕಳಿಸಿದ್ದರೆ ಭಾರವಾಗುತ್ತಿದ್ದ ವಿವರವನ್ನು ಅವನೇ ಈಗ ಕೇಳುತ್ತಾನೆ.

ಬೆಲೆಯನ್ನೇ ನೇರವಾಗಿ ಕೇಳಿದರೆ ಮುಚ್ಚಿಡಬೇಡಿ. ಅಂದಿನ ಮಾರುಕಟ್ಟೆ ನೋಡಿ ಅದೇ ದಿನ ಒಂದು ದರ ಹೇಳಿ, ಅದು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನೂ ಹೇಳಿ. ಕಾಫಿ ದರ ವಾರದಲ್ಲಿ ಏರಿಳಿಯುತ್ತದೆ. ದಿನ ನಮೂದಿಸದ ದರ ಮುಂದೆ ಮನಸ್ತಾಪಕ್ಕೆ ಕಾರಣ.

ಇನ್ನು ಮಾದರಿಯ ವಿಷಯ. ಇಲ್ಲಿ ತಪ್ಪಿದರೆ ಕಾಗದ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಮಾದರಿಯನ್ನು ಮೇಲಿನ ಒಂದು ಚೀಲದಿಂದ ತೆಗೆಯಬಾರದು. ಇಪ್ಪತ್ತೂ ಚೀಲಗಳಿಂದ ಸಮಪ್ರಮಾಣದಲ್ಲಿ ತೆಗೆದು ಬೆರೆಸಿ, ಅದರಲ್ಲಿ ಎರಡು ಕಿಲೋದಷ್ಟನ್ನು ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಪ್ಪೆ ತೆಗೆಸಿ. ಕೈಯಿಂದ ಆರಿಸಿ ಚೆಂದ ಮಾಡಬೇಡಿ. ಆರಿಸಿದ ಮಾದರಿಗೆ ಒಪ್ಪಿಗೆ ಬಂದು, ಆರಿಸದ ಲಾಟು ಹೋದರೆ, ಸರಕು ವಾಪಸಾಗುತ್ತದೆ ಇಲ್ಲವೇ ದರ ಕಡಿತವಾಗುತ್ತದೆ. ಲಾರಿ ಬಾಡಿಗೆ ನಮ್ಮ ತಲೆಗೆ. ಅದೇ ಮಾದರಿಯ ಜೋಡಿ ಪೊಟ್ಟಣವೊಂದನ್ನು ದಿನಾಂಕ ಮತ್ತು ಲಾಟಿನ ಗುರುತು ಬರೆದು ಮನೆಯಲ್ಲಿಟ್ಟುಕೊಳ್ಳಿ. ಮುಂದೆ ವಾದ ಬಂದರೆ ಅದೇ ಸಾಕ್ಷಿ.

ಮಾದರಿ ತಲುಪಿತೇ ಎಂದು ಒಮ್ಮೆ ವಿಚಾರಿಸಿ. ಅವನು ಹುರಿಯಬೇಕು, ಹುರಿದದ್ದನ್ನು ಒಂದು ದಿನವಾದರೂ ಬಿಟ್ಟು ಕುಡಿದು ನೋಡಬೇಕು. ಜೊತೆಗೆ ಅಂಗಡಿಯ ದಿನನಿತ್ಯದ ಕೆಲಸವೂ ಇದೆ. ಒಂದು ವಾರ ಕೊಡಿ. ಎಂಟನೆಯ ದಿನ “ಏನಾಯಿತು?” ಎಂದು ಕೇಳುವುದಕ್ಕಿಂತ, “ಇದೇ 5ರಂದು ಕ್ಯೂರಿಂಗ್ ಆಗುತ್ತದೆ, ನಿಮಗೆ ಎ ಗ್ರೇಡನ್ನು ಬೇರೆ ಇರಿಸಲೇ?” ಎಂದು ಕೇಳಿ. ಹೊಸ ಸುದ್ದಿಯೊಂದಿಗೆ ಹೋದ ಜ್ಞಾಪನೆ ಪೀಡೆಯೆನಿಸುವುದಿಲ್ಲ.

‘ವಿವರ ಕಳಿಸಿ’ ಎಂಬುದು ಎಷ್ಟೋ ಸಲ ಬೇಡ ಎನ್ನಲು ಸಂಕೋಚಪಟ್ಟು ಹೇಳಿದ ಮಾತೂ ಆಗಿರುತ್ತದೆ. ಅದನ್ನು ತಿಳಿಯುವ ಉಪಾಯ ಆ ಒಂದು ಪದದ ಪ್ರಶ್ನೆಯೇ. ಬೇಕಾದವನು ಅದಕ್ಕೆ ಉತ್ತರಿಸುತ್ತಾನೆ. ವಾರದ ಅಂತರದಲ್ಲಿ ಎರಡು ಸಲ ಕೇಳಿದರೂ ಉತ್ತರ ಬಾರದಿದ್ದರೆ, “ಈ ಲಾಟನ್ನು ಬೇರೆಯವರಿಗೆ ತೋರಿಸುತ್ತಿದ್ದೇನೆ, ಮುಂದಿನ ಕೊಯ್ಲಿಗೆ ನೆನಪಿಸುತ್ತೇನೆ” ಎಂದು ಬರೆದು ಬಿಟ್ಟುಬಿಡಿ. ಮಾದರಿಯನ್ನೂ ಉತ್ತರ ಬಂದ ಮೇಲೆಯೇ ಕಳಿಸಿ. ಕೇಳಿದವರಿಗೆಲ್ಲ ಕಳಿಸಿದರೆ ಕೊರಿಯರ್ ಖರ್ಚೇ ಹೊರೆಯಾಗುತ್ತದೆ.

ಬಿಟ್ಟುಬಿಡಿ ಎನ್ನಲು ಕಾರಣವಿದೆ. ಫೆಬ್ರವರಿಯಲ್ಲಿ ಬಂದ ಒಂದು ಸಾಲನ್ನು ನಂಬಿ ಊರಿನ ವ್ಯಾಪಾರಿಯನ್ನು ದೂರಮಾಡಿಕೊಂಡು ಜೂನಿನವರೆಗೆ ಸರಕು ಹಿಡಿದಿಟ್ಟರೆ ನಷ್ಟ ನಮ್ಮದೇ. ಮಲೆನಾಡಿನ ಮಳೆಗಾಲದ ಗಾಳಿಗೆ ಶೇ. 10ಕ್ಕೆ ಒಣಗಿಸಿದ ಪಾರ್ಚ್‌ಮೆಂಟ್ ಮತ್ತೆ ತೇವ ಎಳೆದುಕೊಳ್ಳುತ್ತದೆ. ಬೀಜದ ನೀಲಿ ಹಸಿರು ಬಣ್ಣ ಮಾಸಿ ಬಿಳುಚುತ್ತದೆ, ವಾಸನೆ ಕೆಡುತ್ತದೆ. ಆಗ ಆ ಅಂಗಡಿಯವನು ತಾನಾಗಿ ಕೇಳಿಕೊಂಡು ಬಂದರೂ, ನಾವು ಮೊದಲು ಕಳಿಸಿದ ಮಾದರಿಯ ಕಾಫಿ ನಮ್ಮ ಗೋದಾಮಿನಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ಉತ್ತರ ಬರೆಯುವ ದಿನವೇ, ಯಾವ ತಾರೀಖಿನವರೆಗೆ ಕಾಯುವುದು ಎಂಬುದನ್ನು ತೋಟದ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ.