ಸ್ಕೂಟರ್ ನಕ್ಷೆಯ ಮೇಲೆ ನಿಂತುಬಿಟ್ಟಾಗ

ಊಟ ಆರ್ಡರ್ ಮಾಡಿ ಆ್ಯಪ್ ತೆರೆದಿಟ್ಟು ಕೂತವರ ಪರದೆಯಲ್ಲಿ ಎರಡು ಬಗೆಯ ಸುದ್ದಿ ಬದಲಾಗುತ್ತಿರುತ್ತದೆ. ಹೋಟೆಲಿನವರು ಒಪ್ಪಿದರು, ಊಟ ತಯಾರಾಯಿತು, ಡೆಲಿವರಿಯವರು ತೆಗೆದುಕೊಂಡರು, ಬಾಗಿಲಿಗೆ ಬಂದರು ಎಂಬುದು ಒಂದು. 40 ನಿಮಿಷದಲ್ಲಿ ಇದು ಬದಲಾಗುವುದು ನಾಲ್ಕೇ ಸಲ. ನಕ್ಷೆಯ ಮೇಲಿನ ಸ್ಕೂಟರ್ ಇನ್ನೊಂದು. ಅದು ಕೊನೆಯ ಹತ್ತು ನಿಮಿಷ ಮಾತ್ರ ಓಡುತ್ತದೆ, ಆದರೆ ಮೂರು ಸೆಕೆಂಡಿಗೊಮ್ಮೆ ಜಾಗ ಬದಲಿಸುತ್ತದೆ. ಈ ಎರಡು ಸುದ್ದಿಗೂ ಒಂದೇ ದಾರಿ ಸಾಕು ಅಂದುಕೊಳ್ಳುವಲ್ಲೇ ಎಡವಟ್ಟು ಶುರುವಾಗುವುದು.

ಎಲ್ಲಕ್ಕಿಂತ ಸರಳವಾದದ್ದು ಪೋಲಿಂಗ್. ಬಟ್ಟೆ ಹೊಲಿಯಲು ಕೊಟ್ಟು ಟೈಲರಿಗೆ ಮತ್ತೆ ಮತ್ತೆ ಫೋನ್ ಮಾಡಿ ‘ಆಯ್ತಾ?’ ಅನ್ನುವ ಹಾಗೆ, ಆ್ಯಪ್ ಸರ್ವರನ್ನು ಕೇಳುತ್ತಲೇ ಇರುತ್ತದೆ. ಐದು ಸೆಕೆಂಡಿಗೊಮ್ಮೆ ಕೇಳಿದರೆ 40 ನಿಮಿಷಕ್ಕೆ 480 ಸಲ. ಅದರಲ್ಲಿ 476 ಸಲ ಸಿಗುವ ಉತ್ತರ ‘ಇನ್ನೂ ಇಲ್ಲ’. ಫೋನಿನ 4ಜಿ ರೇಡಿಯೊ ಒಮ್ಮೆ ಮಾತಾಡಿದ ಮೇಲೆ ಕೆಲವು ಸೆಕೆಂಡು ಎಚ್ಚರವಾಗೇ ಇರುತ್ತದೆ. ಹಾಗಾಗಿ ಇಷ್ಟು ಅವಸರದಲ್ಲಿ ಕೇಳುತ್ತಿದ್ದರೆ ಅದಕ್ಕೆ ನಿದ್ದೆಯೇ ಇಲ್ಲ, ಬ್ಯಾಟರಿ ಇಳಿಯುತ್ತದೆ. 20 ಸೆಕೆಂಡಿಗೊಮ್ಮೆ ಕೇಳಿದರೆ 120 ಸಲಕ್ಕೆ ಮುಗಿಯಿತು. ಸುದ್ದಿ ಸರಾಸರಿ ಹತ್ತು ಸೆಕೆಂಡು ತಡವಾಗಿ ಬರುತ್ತದೆ, ಅಷ್ಟೇ. ಪಲ್ಯ ಬೇಯುತ್ತಿರುವಾಗ ಹತ್ತು ಸೆಕೆಂಡನ್ನು ಯಾರು ಲೆಕ್ಕ ಹಾಕುತ್ತಾರೆ? ಜೊತೆಗೆ ಪೋಲಿಂಗಿಗೆ ಒಂದು ದೊಡ್ಡ ಗುಣವಿದೆ: ಲಿಫ್ಟಿನಲ್ಲಿ ಸಿಗ್ನಲ್ ಹೋಗಿ ಒಂದು ಪ್ರಶ್ನೆ ಸತ್ತರೂ ಮುಂದಿನ ಪ್ರಶ್ನೆ ಎಲ್ಲವನ್ನೂ ಸರಿಮಾಡುತ್ತದೆ.

ಪುಶ್ ಅಂದರೆ ಆ್ಯಪಲ್‌ನ ಎಪಿಎನ್‌ಎಸ್ ಅಥವಾ ಗೂಗಲ್‌ನ ಎಫ್‌ಸಿಎಂ ಮೂಲಕ ಬರುವ ಸಂದೇಶ. ನೋಟಿಫಿಕೇಶನ್‌ಗಾಗಿ ಹೇಗೂ ಅಳವಡಿಸಿರುತ್ತಾರೆ, ಸ್ಕೂಟರನ್ನೂ ಅದರಲ್ಲೇ ಓಡಿಸೋಣ ಅನ್ನಿಸುವುದು ಸಹಜ. ಆದರೆ ಹೊಸ ಸಂದೇಶ ಹಳೆಯದರ ಜಾಗಕ್ಕೆ ಕೂರುವ ಬಗೆಯನ್ನು ಬಳಸಿದರೆ, ಎಫ್‌ಸಿಎಂ ಒಂದು ಫೋನಿಗೆ ಒಟ್ಟಿಗೆ 20 ಬಿಡುತ್ತದೆ, ಆಮೇಲೆ ಮೂರು ನಿಮಿಷಕ್ಕೆ ಒಂದರಂತೆ ಮಾತ್ರ. ಮೂರು ಸೆಕೆಂಡಿಗೊಮ್ಮೆ ಜಾಗ ಕಳಿಸಿದರೆ ಒಂದೇ ನಿಮಿಷದಲ್ಲಿ ಕೋಟಾ ಖಾಲಿ, ಸ್ಕೂಟರ್ ನಡುರಸ್ತೆಯಲ್ಲಿ ನಿಂತಿತು. ಆಫೀಸಿನಲ್ಲಿ ಅರ್ಧ ನಿಮಿಷ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಸದ್ದಿಲ್ಲದೆ ಬರುವ ಪುಶ್‌ಗಳನ್ನು ಗಂಟೆಗೆ ಎರಡು ಮೂರಕ್ಕಿಂತ ಹೆಚ್ಚು ಕಳಿಸಬೇಡಿ ಎಂದು ಆ್ಯಪಲ್ ಕೂಡ ಹೇಳುತ್ತದೆ. ಪುಶ್ ಇರುವುದು ಫೋನ್ ಜೇಬಿನಲ್ಲಿದ್ದಾಗ ಕೂಗಿ ಕರೆಯಲಿಕ್ಕೆ. ಆ್ಯಪ್ ತೆರೆದಿರುವಾಗ ಬಂದರೆ ಅದನ್ನು ಸುಳಿವೆಂದು ಮಾತ್ರ ಹಿಡಿದು, ಆ ಕ್ಷಣವೇ ಸರ್ವರನ್ನು ಒಮ್ಮೆ ಕೇಳಿಬಿಡುವುದು ಒಳ್ಳೆಯದು.

ಓಡುವ ಸ್ಕೂಟರಿಗೆ ಹೇಳಿ ಮಾಡಿಸಿದ್ದು ವೆಬ್‌ಸಾಕೆಟ್. 2011ರಲ್ಲಿ ಪ್ರಮಾಣಿತವಾದ ಈ ಪದ್ಧತಿಯಲ್ಲಿ ಆ್ಯಪ್ ಮೊದಲು ಮಾಮೂಲಿ ಎಚ್‌ಟಿಟಿಪಿ ಪ್ರಶ್ನೆ ಕಳಿಸುತ್ತದೆ, ಸರ್ವರ್ `101 Switching Protocols` ಎಂದು ಉತ್ತರಿಸುತ್ತದೆ. ಅಲ್ಲಿಂದ ಮುಂದೆ ಲೈನ್ ತೆರೆದೇ ಇರುತ್ತದೆ, ಯಾರು ಯಾವಾಗ ಬೇಕಾದರೂ ಮಾತಾಡಬಹುದು. ತೊಂದರೆಯೂ ಇದರಲ್ಲೇ ಇದೆ. ಗ್ರಾಹಕರು ಬೇಸ್‌ಮೆಂಟಿಗೆ ಇಳಿದಾಗಲೋ ವೈಫೈನ ಆಚೆ ಇಂಟರ್ನೆಟ್ ಹೋದಾಗಲೋ ಲೈನ್ ಸತ್ತಿರುತ್ತದೆ, ಆದರೆ ಸತ್ತೆನೆಂದು ಹೇಳುವುದಿಲ್ಲ. ಆ್ಯಪ್ ಸಂಪರ್ಕ ಇದೆ ಅಂದುಕೊಂಡು ಸುಮ್ಮನೆ ಕಾಯುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ ಪರೀಕ್ಷಿಸಿದರೆ ಈ ದೋಷ ಸಿಗುವುದಿಲ್ಲ, ಏಕೆಂದರೆ ಆಗ ಫೋನೇ ಆ್ಯಪ್‌ಗೆ ಸುದ್ದಿ ಕೊಡುತ್ತದೆ. ವೈಫೈ ಆನ್ ಇಟ್ಟು, ರೌಟರಿಗೆ ಬರುವ ಇಂಟರ್ನೆಟ್ ಕೇಬಲ್ ಕಿತ್ತು ನೋಡಬೇಕು.

ಮದ್ದು ಹೀಗೆ: 25 ಸೆಕೆಂಡಿಗೊಮ್ಮೆ ಪಿಂಗ್ ಕಳಿಸುವುದು, ಹತ್ತು ಸೆಕೆಂಡಿನೊಳಗೆ ಮರುದನಿ ಬರದಿದ್ದರೆ ಲೈನ್ ಮುಚ್ಚಿ ಹೊಸದಾಗಿ ತೆರೆಯುವುದು. ಆ ನಡುವೆ ತಪ್ಪಿಹೋದದ್ದನ್ನು ಹಿಡಿಯಲು ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರಬೇಕು:

```
{"order": 7841, "seq": 3, "status": "picked_up"}
```

ಆ್ಯಪಿನ ಬಳಿ 1 ಇದ್ದು, ಈಗ 3 ಬಂದರೆ 2 ಕಳೆದಿದೆ ಎಂದರ್ಥ. ಆಗ ಪೂರ್ತಿ ಸ್ಥಿತಿಯನ್ನು ಮಾಮೂಲಿ ಪ್ರಶ್ನೆಯಿಂದಲೇ ತರಿಸಿಕೊಳ್ಳಬೇಕು. ಲೈನ್ ಹೊಸದಾಗಿ ತೆರೆದಾಗಲೂ, ಬೇರೆ ಆ್ಯಪ್‌ಗೆ ಹೋಗಿ ಮರಳಿದಾಗಲೂ ಹಾಗೆಯೇ. ಐಫೋನ್ ಹಿನ್ನೆಲೆಗೆ ಸರಿದ ಆ್ಯಪನ್ನು ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ನಿಲ್ಲಿಸಿಬಿಡುತ್ತದೆ. ಹೀಗೆ ನೋಡಿದರೆ ವೆಬ್‌ಸಾಕೆಟ್ ತಂದವರೂ ಪೋಲಿಂಗಿನ ಕೋಡನ್ನು ಬರೆಯಲೇಬೇಕು.

ನನ್ನನ್ನು ಕೇಳಿದರೆ ಊಟ ತಯಾರಾಗುವವರೆಗೆ 20 ಸೆಕೆಂಡಿನ ಪೋಲಿಂಗ್, ಜೊತೆಗೆ ಹಂತಕ್ಕೊಂದು ಪುಶ್. ಡೆಲಿವರಿಯವರು ಪೊಟ್ಟಣ ಕೈಗೆತ್ತಿಕೊಂಡ ಮೇಲೆ ವೆಬ್‌ಸಾಕೆಟ್ ತೆರೆದು, ಬಾಗಿಲು ಮುಟ್ಟಿದೊಡನೆ ಮುಚ್ಚಬೇಕು. ಅದೂ ಗ್ರಾಹಕರು ಲಕ್ಷದ ಲೆಕ್ಕದಲ್ಲಿದ್ದರೆ. ಒಂದೇ ಊರಿನ ಸೇವೆಗೆ, ಒಂದು ಹೊತ್ತಿನಲ್ಲಿ 500 ಫೋನ್‌ಗಳು ಸ್ಕೂಟರ್ ನೋಡುತ್ತಿದ್ದರೆ, ಐದು ಸೆಕೆಂಡಿನ ಪೋಲಿಂಗ್ ಎಂದರೆ ಸೆಕೆಂಡಿಗೆ 100 ಪ್ರಶ್ನೆ. ಒಂದು ಸಾಧಾರಣ ಸರ್ವರ್ ಅದನ್ನು ನಿಭಾಯಿಸುತ್ತದೆ. ಹತ್ತು ನಿಮಿಷದ ಮಟ್ಟಿಗೆ ಬ್ಯಾಟರಿಯೂ ತಡೆದುಕೊಳ್ಳುತ್ತದೆ, ವೆಬ್‌ಸಾಕೆಟಿನ ಗೋಜಿಗೇ ಹೋಗಬೇಕಿಲ್ಲ.