ವಾರಕ್ಕೆರಡು ರಾತ್ರಿ, ಬಟಾಣಿ ಕಾಳಿನಷ್ಟು

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಚರ್ಮವೈದ್ಯರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 36 ಮಂದಿ ಇದ್ದರು. ಅವರ ಸರಾಸರಿ ವಯಸ್ಸು 87. ಪ್ರತಿಯೊಬ್ಬರ ಒಂದು ತೋಳಿನ ಒಳಭಾಗಕ್ಕೆ ಶೇ. 0.4ರಷ್ಟು ರೆಟಿನಾಲ್ ಇರುವ ಲೋಷನ್ ಹಚ್ಚಿದರು, ಇನ್ನೊಂದು ತೋಳಿಗೆ ರೆಟಿನಾಲ್ ಇಲ್ಲದ ಅದೇ ಲೋಷನ್. ಯಾವ ತೋಳಿಗೆ ಯಾವುದು ಬಿದ್ದಿದೆ ಎಂಬುದು ಹಚ್ಚಿಸಿಕೊಂಡವರಿಗೂ ಗೊತ್ತಿರಲಿಲ್ಲ, ಪರೀಕ್ಷಿಸಿದವರಿಗೂ ಗೊತ್ತಿರಲಿಲ್ಲ. ವಾರಕ್ಕೆ ಹೆಚ್ಚೆಂದರೆ ಮೂರು ಸಲದಂತೆ 24 ವಾರ ಇದು ನಡೆಯಿತು. ಕೊನೆಗೆ ನೋಡಿದಾಗ ರೆಟಿನಾಲ್ ಹಚ್ಚಿದ ತೋಳಿನಲ್ಲಿ ಸಣ್ಣ ಗೆರೆಗಳು ಕಡಿಮೆಯಾಗಿದ್ದವು. ಚರ್ಮದ ಚೂರು ತೆಗೆದು ಪರೀಕ್ಷಿಸಿದಾಗ ಹೊಸ ಕೊಲಾಜನ್ ತಯಾರಾಗುತ್ತಿರುವ ಗುರುತೂ, ನೀರನ್ನು ಹಿಡಿದಿಡುವ ವಸ್ತುಗಳು ಹೆಚ್ಚಿರುವುದೂ ಕಂಡವು.

ಎಂಬತ್ತು ದಾಟಿದ ಚರ್ಮವೂ ಹೀಗೆ ಸ್ಪಂದಿಸುತ್ತದೆ ಎಂದಾದರೆ, ಐವತ್ತರ ಆಸುಪಾಸಿನವರು ಕಾಲ ಮಿಂಚಿತೆಂದು ಕೈಬಿಡಬೇಕಿಲ್ಲ. ಈ ಅಧ್ಯಯನದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಹಚ್ಚಿದ ಲೆಕ್ಕ. ದಿನವೂ ಅಲ್ಲ, ವಾರಕ್ಕೆ ಮೂರು ಸಲ. ಅಂಗಡಿಯಿಂದ ರೆಟಿನಾಲ್ ಸೀರಮ್ ತಂದು ಮೊದಲ ರಾತ್ರಿಯಿಂದಲೇ ಪ್ರತಿದಿನ ಹಚ್ಚಿ, ಎರಡನೇ ವಾರಕ್ಕೆ ಮುಖ ಉರಿಯೆಂದು ಡಬ್ಬಿ ಮೂಲೆಗೆಸೆಯುವವರೇ ಹೆಚ್ಚು. ಅಲ್ಲಿ ಸೋತದ್ದು ರೆಟಿನಾಲ್ ಅಲ್ಲ, ಹಚ್ಚಿದ ಕ್ರಮ.

ವಯಸ್ಸಾದಂತೆ ಚರ್ಮದೊಳಗೆ ಎರಡು ಬೇರೆ ಬೇರೆ ನಷ್ಟ ಆಗುತ್ತಿರುತ್ತದೆ. ಕೆಳಪದರದಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಕರಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲೇ ಸುಮಾರು ಶೇ. 30ರಷ್ಟು ಕೊಲಾಜನ್ ಹೋಗುತ್ತದೆಂದು ವೈದ್ಯಕೀಯ ಅಧ್ಯಯನಗಳು ಹೇಳುತ್ತವೆ. ಈಸ್ಟ್ರೋಜನ್ ಇಳಿಯುವುದು ಅದಕ್ಕೆ ಮುಖ್ಯ ಕಾರಣ. ಮೇಲ್ಪದರದಲ್ಲಿ ಎಣ್ಣೆಯಂಶ ಕಡಿಮೆಯಾಗಿ, ಕೋಶಗಳ ನಡುವಿನ ಕೊಬ್ಬಿನ ಗಾರೆ ಸಡಿಲವಾಗುತ್ತದೆ. ಒಳಗಿನ ನೀರು ಆರಿಹೋಗಿ ಚರ್ಮ ಒಣಗುವುದು, ಮುಖ ತೊಳೆದ ಕೂಡಲೇ ಎಳೆದಂತಾಗುವುದು ಇದರಿಂದ. ಕೊಲಾಜನ್ ಹೆಚ್ಚಿಸುವ ರೆಟಿನಾಯ್ಡ್ ಮೊದಲ ವಾರಗಳಲ್ಲಿ ಈ ಮೇಲ್ಪದರವನ್ನೇ ಇನ್ನಷ್ಟು ಒಣಗಿಸುತ್ತದೆ. ಹಾಗಾಗಿ ರಾತ್ರಿಯ ಕ್ರಮ ರೆಟಿನಾಯ್ಡ್‌ನಿಂದ ಶುರುವಾಗಬಾರದು, ಮಾಯಿಶ್ಚರೈಸರ್‌ನಿಂದ ಶುರುವಾಗಬೇಕು.

ರೆಟಿನಾಯ್ಡ್ ಎಂದರೆ ವಿಟಮಿನ್ ಎ ಕುಟುಂಬದ ವಸ್ತುಗಳು. ಇವುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಟ್ರೆಟಿನಾಯಿನ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಇದನ್ನು ಮೊದಲು ಮೊಡವೆಗೆ ಬಳಸಿದರು. ಮೊಡವೆಗೆಂದು ಹಚ್ಚಿಕೊಂಡ ನಡುವಯಸ್ಸಿನ ಹೆಂಗಸರ ಚರ್ಮ ನಯವಾಗಿ ಗೆರೆ ಕಡಿಮೆಯಾದದ್ದು ಗಮನಕ್ಕೆ ಬಂದ ಮೇಲೆ, ಬಿಸಿಲಿನಿಂದ ಹಾಳಾದ ಚರ್ಮದ ಮೇಲೆ ಅದರ ಪರಿಣಾಮವನ್ನು 1986ರಲ್ಲಿ ಪ್ರಕಟಿಸಿದರು. ಟ್ರೆಟಿನಾಯಿನ್ ಔಷಧ. ನಮ್ಮಲ್ಲಿ ವೈದ್ಯರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ. ರೆಟಿನಾಲ್ ಅದಕ್ಕಿಂತ ಸೌಮ್ಯ. ಚರ್ಮ ಅದನ್ನು ಮೊದಲು ರೆಟಿನಾಲ್ಡಿಹೈಡ್ ಆಗಿ, ಆಮೇಲೆ ರೆಟಿನೋಯಿಕ್ ಆಮ್ಲವಾಗಿ ಬದಲಿಸಿಕೊಳ್ಳಬೇಕು. ಹೀಗೆ ಎರಡು ಮೆಟ್ಟಿಲು ದಾಟಬೇಕಾದ್ದರಿಂದ ಕೆಲಸವೂ ನಿಧಾನ, ಉರಿಯೂ ಕಡಿಮೆ.

ಪ್ರಮಾಣ ಹೆಚ್ಚಿದಷ್ಟೂ ಫಲ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಶೇ. 0.025 ಮತ್ತು ಶೇ. 0.1ರ ಟ್ರೆಟಿನಾಯಿನ್‌ಗಳನ್ನು 48 ವಾರ ಹೋಲಿಸಿ ನೋಡಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಎರಡರಿಂದಲೂ ಸಿಕ್ಕ ಲಾಭ ಹೆಚ್ಚುಕಡಿಮೆ ಒಂದೇ. ಕೆರಳಿಕೆ ಮಾತ್ರ ನಾಲ್ಕು ಪಟ್ಟು ಗಟ್ಟಿಯಾದದ್ದರಲ್ಲಿ ಬಹಳ ಹೆಚ್ಚು. ನಮ್ಮ ಗೋಧಿ, ಕಪ್ಪು ಬಣ್ಣದ ಚರ್ಮಕ್ಕೆ ಈ ಮಾತು ಇನ್ನೂ ಮುಖ್ಯ, ಏಕೆಂದರೆ ಇಲ್ಲಿ ಚರ್ಮ ಕೆರಳಿದರೆ ಕೆಂಪಾಗಿ ಮಾಯುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುವ ಕಪ್ಪು ಕಲೆ ಬಿಟ್ಟುಹೋಗುತ್ತದೆ.

ಧಾರವಾಡದ 54 ವರ್ಷದ ಶಾಲಾ ಶಿಕ್ಷಕಿಯೊಬ್ಬರು ನವೆಂಬರ್‌ನಲ್ಲಿ ಈ ಕ್ರಮ ಶುರುಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಮುಟ್ಟು ನಿಂತು ಮೂರು ವರ್ಷ. ಕಣ್ಣಂಚಿನಲ್ಲಿ ಗೆರೆ, ಕೆನ್ನೆಯಲ್ಲಿ ಒಣ ಪುಡಿ, ದವಡೆಯ ಅಂಚು ಸ್ವಲ್ಪ ಸಡಿಲ. ಈವರೆಗೆ ರಾತ್ರಿ ಸೋಪು ಹಾಕಿ ಮುಖ ತೊಳೆದು ಕೊಬ್ಬರಿ ಎಣ್ಣೆ ಸವರಿ ಮಲಗುವುದು ಅವರ ಅಭ್ಯಾಸ.

ಮೊದಲ ಎರಡು ವಾರ ಅವರು ರೆಟಿನಾಲ್ ಮುಟ್ಟುವುದೇ ಇಲ್ಲ. ಸೋಪು ಬಿಡುತ್ತಾರೆ, ಏಕೆಂದರೆ ಸಾಮಾನ್ಯ ಸೋಪು ಕ್ಷಾರ, ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಕಡಲೆಹಿಟ್ಟಿನಿಂದ ಉಜ್ಜುವುದೂ ಸದ್ಯಕ್ಕೆ ಬೇಡ. ನೊರೆ ಕಡಿಮೆ ಬರುವ ಸೌಮ್ಯ ಕ್ಲೆನ್ಸರ್, ಉಗುರುಬೆಚ್ಚಗಿನ ನೀರು, ಒರೆಸದೆ ಒತ್ತಿ ತೆಗೆದ ಟವೆಲು. ಮುಖ ಇನ್ನೂ ತೇವವಿರುವಾಗಲೇ ಗ್ಲಿಸರಿನ್ ಮತ್ತು ಸೆರಮೈಡ್ ಇರುವ ಮಾಯಿಶ್ಚರೈಸರ್ ಹಚ್ಚುತ್ತಾರೆ. ಗ್ಲಿಸರಿನ್ ನೀರನ್ನು ಹಿಡಿದುಕೊಳ್ಳುತ್ತದೆ, ಸೆರಮೈಡ್ ಸಡಿಲವಾದ ಗಾರೆಯನ್ನು ತುಂಬುತ್ತದೆ. ಕೊಬ್ಬರಿ ಎಣ್ಣೆ ಬೇಕೆನಿಸಿದರೆ ಇದರ ಮೇಲೆ ಒಂದೆರಡು ಹನಿ ಸಾಕು. ಎಣ್ಣೆ ಒಳಗಿನ ನೀರು ಹೊರಹೋಗದಂತೆ ತಡೆಯಬಲ್ಲದು, ಇಲ್ಲದ ನೀರನ್ನು ತಂದುಕೊಡಲಾರದು. ಎರಡು ವಾರಕ್ಕೆ ಮುಖ ತೊಳೆದ ಮೇಲಿನ ಎಳೆತ ಕಡಿಮೆಯಾಗಿದ್ದರೆ ಮುಂದಿನ ಹೆಜ್ಜೆಗೆ ಚರ್ಮ ಸಿದ್ಧ.

ಮೂರನೇ ವಾರದಿಂದ ಸೋಮವಾರ ಮತ್ತು ಗುರುವಾರ ರಾತ್ರಿ ರೆಟಿನಾಲ್. ಶುರುವಿಗೆ ಶೇ. 0.1ರಿಂದ 0.3ರೊಳಗಿನದು ಸಾಕು. ಮುಖ ತೊಳೆದು ಪೂರ್ತಿ ಆರಲು ಸುಮಾರು 20 ನಿಮಿಷ ಬಿಡಬೇಕು, ಒದ್ದೆ ಚರ್ಮದ ಮೇಲೆ ಉರಿ ಹೆಚ್ಚು. ಮೂಗಿನ ಪಕ್ಕದ ಮೂಲೆ, ತುಟಿಯ ಅಂಚು, ಕಣ್ಣಿನ ಮೂಲೆಗಳಿಗೆ ಮೊದಲೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರುತ್ತಾರೆ, ಏಕೆಂದರೆ ಕ್ರೀಮ್ ಹರಿದು ನಿಲ್ಲುವುದೂ ಚರ್ಮ ಮೊದಲು ಬಿರಿಯುವುದೂ ಅಲ್ಲೇ. ಆಮೇಲೆ ತೆಳುವಾಗಿ ಮಾಯಿಶ್ಚರೈಸರ್. ಅದರ ಮೇಲೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ರೆಟಿನಾಲ್. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆಯಿಟ್ಟು ಹರಡುತ್ತಾರೆ. ರೆಪ್ಪೆಯ ಮೇಲೆ ಹಚ್ಚುವಂತಿಲ್ಲ. ಕುತ್ತಿಗೆಯ ಚರ್ಮ ತೆಳು, ಎಣ್ಣೆ ಗ್ರಂಥಿಗಳೂ ಕಡಿಮೆ, ಆದ್ದರಿಂದ ಮುಖ ಒಗ್ಗಿಕೊಂಡ ಮೇಲಷ್ಟೇ ಅದರ ಸರದಿ. ನಾಲ್ಕು ವಾರ ಹೀಗೆ ಸಾಗಿ ತೊಂದರೆ ಕಾಣದಿದ್ದರೆ ಮೂರು ರಾತ್ರಿಗೆ ಏರಿಸುತ್ತಾರೆ.

ಉಳಿದ ರಾತ್ರಿಗಳು ಪೆಪ್ಟೈಡ್‌ಗೆ. ಪೆಪ್ಟೈಡ್ ಎಂದರೆ ಕೆಲವೇ ಅಮೈನೋ ಆಮ್ಲಗಳ ಸಣ್ಣ ಸರಪಳಿ. ಕೊಲಾಜನ್ ಒಡೆದಾಗ ಉಳಿಯುವ ಇಂಥ ಕೆಲವು ತುಣುಕುಗಳನ್ನು ಕಂಡ ಕೋಶಗಳು ಹೊಸ ಕೊಲಾಜನ್ ಮಾಡಲು ತೊಡಗುತ್ತವೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡ ಸಂಗತಿ. ಆದರೆ ಪೆಪ್ಟೈಡ್ ನೀರನ್ನು ಮೆಚ್ಚುವ ವಸ್ತು, ಚರ್ಮದ ಮೇಲ್ಪದರವೋ ಕೊಬ್ಬಿನದು. ಅದನ್ನು ದಾಟಿಸಲು ಪೆಪ್ಟೈಡ್‌ಗೆ ಕೊಬ್ಬಿನಾಮ್ಲದ ಬಾಲವೊಂದನ್ನು ಜೋಡಿಸುತ್ತಾರೆ. ಲೇಬಲ್ ಮೇಲೆ ಕಾಣುವ ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4 ಅಂಥದ್ದು. 35ರಿಂದ 55 ವರ್ಷದ 93 ಹೆಂಗಸರ ಮುಖದ ಅರ್ಧಕ್ಕೆ ಅದಿರುವ ಕ್ರೀಮ್, ಇನ್ನರ್ಧಕ್ಕೆ ಅದಿಲ್ಲದ ಕ್ರೀಮ್ ಹಚ್ಚಿಸಿ 12 ವಾರ ನೋಡಿದ ಅಧ್ಯಯನ 2005ರಲ್ಲಿ ಬಂತು. ಸಣ್ಣ ಗೆರೆಗಳು ಕಡಿಮೆಯಾದದ್ದು ನಿಜ, ಬದಲಾವಣೆ ದೊಡ್ಡದಲ್ಲ. ಅದನ್ನು ನಡೆಸಿದ್ದು ಇಂಥ ಕ್ರೀಮ್ ಮಾರುವ ಕಂಪನಿಯ ಸಂಶೋಧಕರು ಎಂಬುದೂ ನೆನಪಿರಲಿ.

ಆ ಕ್ರೀಮಿನಲ್ಲಿದ್ದ ಪೆಪ್ಟೈಡ್ 10 ಲಕ್ಷ ಭಾಗದಲ್ಲಿ 3 ಭಾಗ ಮಾತ್ರ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಪೆಪ್ಟೈಡ್ ಹೆಸರು ಕೊನೆಯಲ್ಲಿದೆ ಎಂದ ಮಾತ್ರಕ್ಕೆ ಅದು ಮೋಸವಲ್ಲ. ಮೇಲಿದ್ದರೆ ಪ್ರಬಲ ಎಂದೂ ಅರ್ಥವಲ್ಲ. ಸಾಕ್ಷ್ಯವನ್ನು ತೂಗಿ ನೋಡಿದರೆ ರೆಟಿನಾಯ್ಡ್‌ನ ತಟ್ಟೆಯೇ ಬಹಳ ಭಾರ. ಪೆಪ್ಟೈಡ್‌ನ ಬೆಲೆ ಇರುವುದು ಅದು ಕೆರಳಿಸುವುದಿಲ್ಲ ಎಂಬಲ್ಲಿ: ರೆಟಿನಾಲ್ ಹಚ್ಚದ ರಾತ್ರಿಗಳಲ್ಲಿ ಚರ್ಮಕ್ಕೆ ಹೊರೆಯಾಗದೆ ಸಣ್ಣ ನೆರವು ಕೊಡುತ್ತದೆ. ಎರಡನ್ನೂ ಒಂದೇ ರಾತ್ರಿ ಹಚ್ಚಿದರೆ ಅಪಾಯವೇನಿಲ್ಲ. ಬೇರೆ ಬೇರೆ ರಾತ್ರಿ ಇಟ್ಟುಕೊಂಡರೆ ಉರಿ ಬಂದಾಗ ಕಾರಣ ಯಾವುದೆಂದು ಹುಡುಕುವುದು ಸುಲಭ.

ನಾಲ್ಕನೇ ವಾರದಲ್ಲಿ ಶಿಕ್ಷಕಿಯ ಗಲ್ಲದ ಮೇಲೆ ಹೊಪ್ಪಳೆಯಂತೆ ತೆಳು ಪುಡಿ ಏಳಬಹುದು, ಹಚ್ಚಿದ ಕೂಡಲೇ ತುಸು ಚುರುಗುಟ್ಟಬಹುದು. ಇದು ಒಗ್ಗಿಕೊಳ್ಳುವ ಹಂತ, ಮಾಯಿಶ್ಚರೈಸರ್ ಹೆಚ್ಚಿಸಿದರೆ ಸಾಕು. ಆದರೆ ಬರೀ ನೀರು ಸೋಕಿದರೂ ಉರಿದರೆ, ರೋಜು ಹಚ್ಚುವ ಮಾಯಿಶ್ಚರೈಸರೇ ಚುಚ್ಚತೊಡಗಿದರೆ ಮೇಲ್ಪದರ ಒಡೆದಿದೆ ಎಂದೇ ತಿಳಿಯಬೇಕು. ಆಗ ರೆಟಿನಾಲ್, ಪೆಪ್ಟೈಡ್ ಎರಡನ್ನೂ ನಿಲ್ಲಿಸಿ, ಉರಿ ಪೂರ್ತಿ ಅಡಗುವವರೆಗೆ ಮಾಯಿಶ್ಚರೈಸರ್ ಒಂದರಲ್ಲೇ ಇರುತ್ತಾರೆ. ಮತ್ತೆ ಶುರುಮಾಡುವಾಗ ವಾರಕ್ಕೆ ಒಂದೇ ರಾತ್ರಿ. ಊತ, ನೀರು ಒಸರುವುದು ಕಂಡರೆ ಚರ್ಮವೈದ್ಯರ ಬಳಿ ಹೋಗಲೇಬೇಕು. ಮದುವೆ ಮನೆಗೆಂದು ಹುಬ್ಬಿಗೆ ಥ್ರೆಡಿಂಗ್, ಮೇಲ್ತುಟಿಗೆ ವ್ಯಾಕ್ಸಿಂಗ್ ಮಾಡಿಸುವವರು ವಾರ ಮೊದಲೇ ಅಲ್ಲಿ ರೆಟಿನಾಲ್ ನಿಲ್ಲಿಸುವುದು ಒಳ್ಳೆಯದು, ಇಲ್ಲವಾದರೆ ಮೇಣದ ಜೊತೆ ಚರ್ಮವೂ ಕಿತ್ತುಬರುತ್ತದೆ. ನಲವತ್ತರ ಹರೆಯದಲ್ಲಿದ್ದು ಇನ್ನೂ ಗರ್ಭಿಣಿಯಾಗುವ ಸಾಧ್ಯತೆ ಇರುವವರು ರೆಟಿನಾಯ್ಡ್ ಹಚ್ಚುವಂತಿಲ್ಲ.

ಇನ್ನೊಂದು ಅಪಾಯ ಔಷಧದಂಗಡಿಯ ಕಟ್ಟೆಯ ಮೇಲೇ ಇದೆ. ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಮತ್ತು ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಮೂರೂ ಸೇರಿದ ಕ್ರೀಮ್‌ಗಳನ್ನು ಮುಖ ಬೆಳ್ಳಗಾಗಲು ಎಂದು ಕೇಳಿ ತರುವವರಿದ್ದಾರೆ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡ್ ಚರ್ಮವನ್ನು ತೆಳ್ಳಗಾಗಿಸಿ, ರಕ್ತನಾಳಗಳು ಗೆರೆಗೆರೆಯಾಗಿ ಕಾಣುವಂತೆ ಮಾಡುತ್ತದೆ. ಗೆರೆ ಕಡಿಮೆ ಮಾಡಲು ಹೊರಟವರಿಗೆ ಇದು ನೇರ ಉಲ್ಟಾ ದಾರಿ. ಟ್ಯೂಬಿನ ಮೇಲೆ ಮೊಮೆಟಾಸೋನ್, ಫ್ಲೂಸಿನೋಲೋನ್, ಬೀಟಾಮೆಥಸೋನ್ ಎಂಬ ಹೆಸರು ಕಂಡರೆ ಅದು ದಿನನಿತ್ಯದ ರಾತ್ರಿ ಕ್ರೀಮ್ ಅಲ್ಲ.

ಬೆಳಿಗ್ಗೆ ಶಿಕ್ಷಕಿ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿಯೇ ಮನೆ ಬಿಡುತ್ತಾರೆ. ಬಿಸಿಲು ಕೊಲಾಜನ್ ಒಡೆಯುವ ಕಿಣ್ವಗಳನ್ನು ಎಬ್ಬಿಸುತ್ತದೆ, ರಾತ್ರಿ ಕಟ್ಟಿದ್ದನ್ನು ಹಗಲು ಕೆಡವಿದರೆ ಹಚ್ಚಿದ್ದೆಲ್ಲ ವ್ಯರ್ಥ. ಶುರುವಿನ ದಿನ, ಮೂರನೇ ತಿಂಗಳು, ಆರನೇ ತಿಂಗಳು ಒಂದೇ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಒಣಗುವಿಕೆ ಮೊದಲ ತಿಂಗಳಲ್ಲೇ ತಗ್ಗಿರುತ್ತದೆ. ಕಣ್ಣಂಚಿನ ಸಣ್ಣ ಗೆರೆ ಮಸುಕಾಗಲು ಮೂರರಿಂದ ಆರು ತಿಂಗಳು ಬೇಕು. ದವಡೆಯ ಅಂಚು ಹಾಗೇ ಇರುತ್ತದೆ, ಏಕೆಂದರೆ ಅದು ಜೋತದ್ದು ಚರ್ಮದಿಂದಷ್ಟೇ ಅಲ್ಲ. ಕೆಳಗಿನ ಕೊಬ್ಬು ಜಾರಿ, ಮೂಳೆ ಸವೆದು ಆದದ್ದಕ್ಕೆ ಯಾವ ಕ್ರೀಮೂ ತಲುಪುವುದಿಲ್ಲ. ಆರು ತಿಂಗಳ ಫೋಟೋದಲ್ಲಿ ಗೆರೆಗಳಲ್ಲೂ ಬದಲಾವಣೆ ಕಾಣದಿದ್ದರೆ ಸ್ವಲ್ಪ ಹೆಚ್ಚಿನ ರೆಟಿನಾಲ್‌ಗೆ ಹೋಗಬೇಕೋ, ಶೇ. 0.025ರ ಟ್ರೆಟಿನಾಯಿನ್ ಬೇಕೋ ಎಂದು ಚರ್ಮವೈದ್ಯರನ್ನು ಕೇಳಬೇಕು. ಬದಲಾವಣೆ ಕಂಡಿದ್ದರೆ ವಾರಕ್ಕೆ ಎರಡು ಮೂರು ರಾತ್ರಿಯ ಲೆಕ್ಕವನ್ನೇ ಮುಂದುವರಿಸಬಹುದು. ಪೂರ್ತಿ ಬಿಟ್ಟರೆ ಸಿಕ್ಕ ಲಾಭ ಮೆಲ್ಲಗೆ ಇಳಿಯುತ್ತದೆ.